ಎಂಜಲು ಕೊಪ್ಪರಿಗೆ

ಆ ಊರಿಗೆ ದಾರಿ ಕೇಳಬೇಕಾಗಿಲ್ಲ, ಮೂಗು ನೆಟ್ಟಗಿದ್ದರೆ ಸಾಕು. ಎರಡು ಹರದಾರಿ ದೂರದಿಂದಲೇ ಹುಳಿತ ಗಂಜಿಯ ನಾತ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಊರ ನಡುವೆ ಒಂದು ಕಲ್ಲಿನ ಕಟ್ಟೆ. ಕಟ್ಟೆಯ ಪಕ್ಕ ಒಂದು ಚಪ್ಪರ, ಚಪ್ಪರದ ಕೆಳಗೆ ಎದೆಯೆತ್ತರದ ತಾಮ್ರದ ಕೊಪ್ಪರಿಗೆ. ನಾತ ಅಲ್ಲಿಯದು.

ಆ ಊರಿನಲ್ಲಿ ಬರೆದದ್ದರ ಕೆಳಗೆ ಯಾರೂ ಹೆಸರು ಹಾಕುವ ಹಾಗಿರಲಿಲ್ಲ. ಹುಣ್ಣಿಮೆಯ ಮಾರನೇ ದಿನ ಮಧ್ಯಾಹ್ನ ಊರೆಲ್ಲ ಕಟ್ಟೆಯ ಸುತ್ತ ಸೇರುತ್ತಿತ್ತು. ಸಾರುವವನು ಮಡಕೆಯೊಳಗಿಂದ ಒಂದೊಂದೇ ಹಾಳೆ ತೆಗೆದು ಏರಿಳಿತವಿಲ್ಲದ ದನಿಯಲ್ಲಿ ಓದುತ್ತಿದ್ದ. ಯಾರ ಹಾಳೆ ಯಾವುದು ಎಂಬುದು ಅವನೊಬ್ಬನಿಗೇ ಗೊತ್ತು. ಓದಿ ಮುಗಿಸಿ ಮೂರು ಸಲ ಕೇಳುತ್ತಿದ್ದ: "ಇದು ಯಾರ ಬಾಯಿ? ಇದು ಯಾರ ಬಾಯಿ? ಇದು ಯಾರ ಬಾಯಿ?" ಊರು ಯಾರನ್ನು ಕೂಗಿತೋ ಹಾಳೆ ಅವರ ಪಾಲು. ಬರೆದವರೇ ಅವರಾಗಿದ್ದರೆ ಸರಿ. ಅಲ್ಲದಿದ್ದರೆ, ಬರೆದವರು ಎದ್ದು ಬಂದು ಕೊಪ್ಪರಿಗೆಯಲ್ಲಿ ಬೆರಳು ಅದ್ದಿ ನೆಕ್ಕಬೇಕು. ಯಾರ ಹೆಸರೂ ಬರದಿದ್ದರೆ ಆ ಹಾಳೆ ಎಂಜಲು. ಅದನ್ನು ಎಡಗೈಯಿಂದ ಕೊಪ್ಪರಿಗೆಗೆ ಹಾಕಿ, ಆಮೇಲೆ ನೆಕ್ಕಬೇಕು.

ಕೊಪ್ಪರಿಗೆಯಲ್ಲಿ ಇದ್ದದ್ದು ಏನು? ನೂರಾರು ವರ್ಷಗಳ ಎಂಜಲು ಹಾಳೆಗಳು, ನೀರು, ಅನ್ನದ ಗಂಜಿ. ಮೇಲೆ ಬೂದು ಬಣ್ಣದ ನೊರೆ, ನೊರೆಯಲ್ಲಿ ಕಾಲಾಡಿಸುವ ಹುಳ. ಅದನ್ನು ಕಲಕಿ, ಸೋಸಿ, ಒಣಗಿಸಿ ಊರಿಗೆ ಬೇಕಾದ ಹೊಸ ಹಾಳೆ ಮಾಡುತ್ತಿದ್ದರು. ಮೂರು ಸಲ ನೆಕ್ಕಿದವರು ಲೇಖನಿ ಕೆಳಗಿಟ್ಟು, ಸಾಯುವ ತನಕ ಆ ಕೊಪ್ಪರಿಗೆಯನ್ನು ಕಲಕಬೇಕು. ಇನ್ನೊಬ್ಬರು ಮೂರು ಸಲ ನೆಕ್ಕಿ ಬಂದರೆ ಮಾತ್ರ ಬಿಡುಗಡೆ. ಜನ ಬುದ್ಧಿವಂತರು. ಎರಡನೇ ಸಲ ನೆಕ್ಕಿದ ಮೇಲೆ ಯಾರೂ ಬರೆಯುತ್ತಿರಲಿಲ್ಲ. ಹಾಗಾಗಿ ಕಲಕುವ ಮುದುಕ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ.

ಈ ಊರಿನಲ್ಲಿ ಬುಟ್ಟಿ ಹೆಣೆಯುವವಳೊಬ್ಬಳಿದ್ದಳು. ಅವಳ ಬುಟ್ಟಿಯನ್ನು ಸಂತೆಯಲ್ಲಿ ನೂರು ಬುಟ್ಟಿಯ ನಡುವೆ ಇಟ್ಟರೂ ಕುರುಡರು ಸಹ ಅಂಚು ತಡವಿ, "ಇದು ಅವಳದು" ಅನ್ನುತ್ತಿದ್ದರು. ಅವಳಿಗೆ ಹೇಸಿಗೆ ಜಾಸ್ತಿ. ಯಾರ ಮನೆಯ ನೀರನ್ನೂ ಮೂಸದೆ ಕುಡಿದವಳಲ್ಲ. "ಏನೇ, ನಿನ್ನ ಮೂಗಿಗೆ ದೇವರೂ ನಾರ್ತಾನೇನೇ?" ಎಂದು ಮೀನು ಮಾರುವವಳು ಛೇಡಿಸುತ್ತಿದ್ದಳು.

ಅವಳ ಅವ್ವ ಸತ್ತಳು. ಸತ್ತವರ ಬಗ್ಗೆ ಮನೆಯವರೊಬ್ಬರು ಒಂದು ಹಾಳೆ ಬರೆಯಬೇಕು, ಆ ಹಾಳೆಯಲ್ಲಿ ಮಾತ್ರ ಸತ್ತವರು ಉಳಿಯುತ್ತಾರೆ ಎಂಬುದು ಅಲ್ಲಿಯ ನಂಬಿಕೆ. ಬುಟ್ಟಿಯವಳು ಯಾವತ್ತೂ ಬರೆದವಳಲ್ಲ. ಊರಿನಲ್ಲಿ ಎಲ್ಲರೂ ಮೆಚ್ಚುತ್ತಿದ್ದದ್ದು ದೊಡ್ಡವರ ಬರಹವನ್ನು. ದೊಡ್ಡವರೆಂದರೆ ಬಿಳೀ ಶಾಲಿನ, ಮೆತ್ತನೆ ಮಾತಿನ ಒಬ್ಬ ಹಿರಿಯರು. ನಲವತ್ತು ವರ್ಷದಲ್ಲಿ ಒಮ್ಮೆಯೂ ಬೆರಳು ಅದ್ದಿದವರಲ್ಲ. ಅವಳು ಅವರ ಹಾಳೆಗಳನ್ನೇ ತಂದು ಓದಿದಳು, ಅವರದನ್ನಷ್ಟೇ ಓದಿದಳು. ಅವರು ಹೇಗೆ ಶುರು ಮಾಡುತ್ತಾರೋ ಹಾಗೆ ಶುರು ಮಾಡಿದಳು. ಅವರು ಎಲ್ಲಿ ನಿಟ್ಟುಸಿರಿಡುತ್ತಾರೋ ಅಲ್ಲಿ ಇಟ್ಟಳು. "ತಾವರೆಯಂಥ ಕೈಗಳ ತಾಯಿ, ಬೆಳದಿಂಗಳಂಥ ನಗೆಯ ತಾಯಿ" ಎಂದು ಬರೆದು ತಾನೇ ಅತ್ತಳು.

ಸಾರುವವನು ಓದಿದ. ಮೂರು ಸಲ ಕೇಳುವುದರೊಳಗೆ ಊರು ಒಂದೇ ಬಾಯಲ್ಲಿ, "ದೊಡ್ಡೋರದು! ದೊಡ್ಡೋರದು!" ಎಂದಿತು. ದೊಡ್ಡವರು ಎದ್ದು ಬಂದು ಕೈ ಚಾಚಿದರು. ತಮ್ಮದಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಹಾಳೆಯನ್ನು ಮಡಿಸಿ, ಶಾಲಿನೊಳಗೆ ಸೇರಿಸಿ, ಊರಿಗೆ ಕೈ ಮುಗಿದರು. ಹೀಗೆ ಬುಟ್ಟಿಯವಳ ಅವ್ವ ದೊಡ್ಡವರ ಶಾಲು ಸೇರಿದಳು.

ಅವಳು ಕೊಪ್ಪರಿಗೆಯ ಹತ್ತಿರ ಹೋಗಿ ಬೆರಳು ಅದ್ದಿದಳು. ಬೆಚ್ಚಗಿತ್ತು. ಅದೇ ಹೆಚ್ಚು ಹೇಸಿಗೆ; ತಣ್ಣಗಿದ್ದರೆ ಸತ್ತ ವಸ್ತು ಅಂದುಕೊಳ್ಳಬಹುದಿತ್ತು. ನೆಕ್ಕಿದಳು. ಕಂಡವರ ಬಾಯಲ್ಲಿ ಅಗಿದು ಬಿಟ್ಟ ಅನ್ನದ ರುಚಿ. ಮನೆಗೆ ಬಂದು ಮೂರು ದಿನ ಬೂದಿಯಲ್ಲಿ ನಾಲಿಗೆ ತಿಕ್ಕಿದಳು.

"ಓದಿದ್ದೇ ತಪ್ಪಾಯ್ತು," ಎಂದುಕೊಂಡಳು. "ಬೇರೇರ ಎಂಜಲು ತಿಂದೆ, ಅದನ್ನೇ ಕಾರಿದೆ. ಇನ್ನು ಮೇಲೆ ಒಂದಕ್ಷರ ಓದಲ್ಲ. ನನ್ನೊಳಗಿಂದ ಬಂದದ್ದು ಮಾತ್ರ ಮಡಿ."

ಅವಳು ಆರು ತಿಂಗಳು ಮಡಿಯಲ್ಲಿದ್ದಳು. ಹಾಳೆಗಳನ್ನೆಲ್ಲ ಮನೆಯಿಂದಾಚೆ ಹಾಕಿದಳು. ಯಾರಾದರೂ ಕಥೆ ಹೇಳಲು ಬಂದರೆ ಕಿವಿ ಮುಚ್ಚಿದಳು. ಮಳೆ ಬಂದ ಒಂದು ದಿನ ಕುಳಿತು, ತನ್ನೊಳಗಿಂದ ಬಂದದ್ದನ್ನು ಬರೆದಳು. ಸಾರುವವನು ಅದನ್ನು ಓದಿದ: "ಮಳೆ ಬಂದಿತು. ಎಲ್ಲರಿಗೂ ಸಂತೋಷವಾಯಿತು. ಪ್ರಕೃತಿಯ ಸೊಬಗನ್ನು ಎಷ್ಟು ವರ್ಣಿಸಿದರೂ ಸಾಲದು. ತಾಯಿಯ ನೆನಪಾಗಿ ಕಣ್ಣು ತುಂಬಿ ಬಂದಿತು."

"ಇದು ಯಾರ ಬಾಯಿ?"

ಯಾರ ಹೆಸರೂ ಬರಲಿಲ್ಲ. ಆಮೇಲೆ ಹಿಂದಿನಿಂದ ಯಾರೋ, "ಎಲ್ಲರ ಬಾಯಿ ಕಣಪ್ಪ, ಎಲ್ಲರದೂ ಸೇರಿಸಿ ಕೊಪ್ಪರಿಗೇಗೆ ಹಾಕು!" ಎಂದರು. ಜನ ನಕ್ಕರು. ಅವಳು ಎಡಗೈಯಿಂದ ಹಾಳೆ ಹಾಕಿ, ಬೆರಳು ಅದ್ದಿ, ಎರಡನೇ ಸಲ ನೆಕ್ಕಿದಳು. ಮಡಿಯಾಗಿ ಬರೆದದ್ದು ಮೊದಲನೆಯದಕ್ಕಿಂತ ಕೊಳೆಯಾಗಿತ್ತು. ಅದನ್ನು ಅವಳ ನಾಲಿಗೆಯೇ ಹೇಳಿತು.

ನೆಕ್ಕಿದವಳು ಅಲ್ಲೇ ಚಪ್ಪರದ ಕಂಬ ಹಿಡಿದು ವಾಂತಿ ಮಾಡಿಕೊಂಡಳು. ಕಲಕುವ ಮುದುಕ ಒಂದು ಚೆಂಬು ನೀರು ಕೊಟ್ಟ. ಅವನ ಮೈಯೆಲ್ಲ ಗಂಜಿ ಒಣಗಿ ಹಲ್ಲಿಯ ಚರ್ಮದ ಹಾಗೆ ಸಿಪ್ಪೆ ಏಳುತ್ತಿತ್ತು. ಅವಳು ಚೆಂಬನ್ನೂ ಮೂಸಿ ನೋಡಿದಳು.

"ಮೂರನೇದು ಬರೀತೀಯೇನವ್ವ?" ಎಂದ ಮುದುಕ.

"ನಾನು ಬರೆದು ಸೋತ್ರೆ ನಿಮಗೇ ಲಾಭ ಅಲ್ವಾ ತಾತ? ಬಿಡುಗಡೆ."

"ಹೌದು. ಅದಕ್ಕೇ ಬರೀ ಅಂತೀನಿ." ಮುದುಕ ಹಲ್ಲಿಲ್ಲದ ಬಾಯಲ್ಲಿ ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ, "ಬುಟ್ಟಿ ಹೆಣೆಯೋದು ಹೆಂಗೆ ಕಲಿತೆ?"

"ಅವ್ವನ ಬುಟ್ಟಿ ಬಿಚ್ಚಿ."

"ಅವ್ವನದೊಂದೇನಾ?"

"ಎಲ್ಲರದೂ. ಚಿಕ್ಕವ್ವಂದು, ಆಚೆ ಊರಿನವರದು. ಬಿಚ್ಚಿ ನೋಡೋದು, ಅದೇ ಥರ ಹೆಣೆಯೋದು, ಮತ್ತೆ ಬಿಚ್ಚೋದು. ಅವ್ವ ಬೈತಿದ್ಲು. ಎಷ್ಟು ಬೈದ್ರೂ ನನ್ನ ಅಂಚು ಅವಳ ಅಂಚಿನ ಥರ ಬರಲೇ ಇಲ್ಲ."

"ಮತ್ತೆ ಬರೆಯೋಕೆ ಹೋದಾಗ ಬುಟ್ಟಿಯವಳು ಎಲ್ಲಿಗೆ ಹೋಗಿದ್ಲು? ಮೊದಲ ಸಲ ಒಬ್ಬರ ಬುಟ್ಟಿನೇ ಹೊತ್ಕೊಂಡು ಬಂದೆ. ಎರಡನೇ ಸಲ ಬಿದಿರೇ ಇಲ್ಲದೆ ಹೆಣೆದೆ."

ಆ ಮಾತು ಅವಳಿಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ಮಾರನೇ ದಿನ ಬೆಳಿಗ್ಗೆ ಮೂಗಿಗೆ ಸೆರಗು ಕಟ್ಟಿಕೊಂಡು ಚಪ್ಪರಕ್ಕೆ ಬಂದಳು.

ಮುದುಕ ಕೊಪ್ಪರಿಗೆಯಿಂದ ಇನ್ನೂ ಕರಗದ ಹಾಳೆಗಳನ್ನು ಕೋಲಿನಲ್ಲಿ ಎತ್ತಿ ಹಗ್ಗದ ಮೇಲೆ ಹರವುತ್ತಿದ್ದ. ಅವಳು ಹುಳ ಕೊಡವಿ ಓದಬೇಕು, ಗಟ್ಟಿಯಾಗಿ. ಬರೆದವರಲ್ಲಿ ಒಬ್ಬ ಉಸಿರೇ ಬಿಡದೆ ಮಾರುದ್ದದ ವಾಕ್ಯ ಎಳೆದಿದ್ದ. ಇನ್ನೊಬ್ಬಳು ಎರಡೆರಡು ಮಾತಿಗೆ ನಿಲ್ಲಿಸಿ ಎದೆಗೆ ಗುದ್ದುತ್ತಿದ್ದಳು. ಮತ್ತೊಬ್ಬ ಸಾವಿನ ಮನೆಗೆ ಹೋದರೂ ಮೊದಲು ಅಡುಗೆಮನೆ ನೋಡುತ್ತಿದ್ದ. ಮುದುಕ ಪ್ರತಿ ಹಾಳೆಗೂ ಅದದೇ ಕೇಳುತ್ತಿದ್ದ: "ಎಲ್ಲಿ ನಿಂತ? ಮೊದಲು ಏನು ನೋಡ್ದ? ಏನು ಹೇಳದೆ ಬಿಟ್ಟ?" ಎಲ್ಲಿ ನಿಂತ, ಏನು ನೋಡಿದ, ಏನು ಬಿಟ್ಟ. ಅವಳಿಗೆ ಉತ್ತರ ಸಿಗುವ ತನಕ ಹಾಳೆ ಹಗ್ಗದಿಂದ ಇಳಿಯುತ್ತಿರಲಿಲ್ಲ.

"ಇಷ್ಟು ಚೆನ್ನಾಗಿರೋದನ್ನ ಯಾಕೆ ಗುರುತು ಹಿಡೀಲಿಲ್ಲ ತಾತ?"

"ಚೆನ್ನಾಗಿರೋ ಸಾಲು ಎರಡೇ ಕಣವ್ವ. ಮಿಕ್ಕಿದ್ದು ಊರಿಗೆ ಹೆದರಿ ಬರೆದದ್ದು."

ಓದಿದ್ದಾದ ಮೇಲೆ ನಕಲು. ಒಂದು ಹಾಳೆಯನ್ನು ಅಕ್ಷರ ಬಿಡದೆ ಕೈಯಲ್ಲಿ ಬರೆಯಬೇಕು. ಮಾರನೇ ದಿನ ಅದನ್ನು ನೋಡದೆ, ಅದೇ ಸಂಗತಿಯನ್ನು ಮತ್ತೆ ಬರೆಯಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು, ಬೇರೆಯಾದ ಕಡೆಯಲ್ಲೆಲ್ಲ ಇದ್ದಿಲಿನಿಂದ ಗೆರೆ ಹಾಕಬೇಕು. ಅವಳ ಹಾಳೆ ತುಂಬ ಗೆರೆ. ಮೂಲದಲ್ಲಿ ಮುಖ ಇದ್ದಲ್ಲಿ ಅವಳು ಕೈ ಬರೆದಿರುತ್ತಿದ್ದಳು. ಹೂವಿನ ಬಣ್ಣ ಇದ್ದಲ್ಲಿ ವಾಸನೆ ಬರೆದಿರುತ್ತಿದ್ದಳು. ಚಂದ್ರ, ತಾವರೆ, ಮುತ್ತು ಇದ್ದಲ್ಲಿ ಏನೂ ಇರುತ್ತಿರಲಿಲ್ಲ, ಅವಳಿಗೆ ಅವು ನೆನಪೇ ಆಗುತ್ತಿರಲಿಲ್ಲ. ಉದ್ದಕ್ಕೆ ಹೇಳುತ್ತಾ ಹೋಗಿ ತಾನೇ ಒಂದು ಪ್ರಶ್ನೆ ಕೇಳಿ, ತಾನೇ ಗದರಿಸಿದ ಹಾಗೆ ಎರಡು ಮಾತಿನಲ್ಲಿ ಉತ್ತರ ಕೊಟ್ಟಿರುತ್ತಿದ್ದಳು.

"ಎಷ್ಟು ತಪ್ಪು!" ಎಂದು ಹಾಳೆ ಮುದುರಲು ಹೋದಳು.

ಮುದುಕ ಕೋಲಿನಿಂದ ಅವಳ ಮಣಿಕಟ್ಟಿಗೆ ತಟ್ಟಿದ. "ಒಂದು ಸಲ ಮಾಡಿದ್ರೆ ತಪ್ಪು. ನಲವತ್ತು ಹಾಳೇಲೂ ಅದನ್ನೇ ಮಾಡಿದ್ರೆ ಅದು ನೀನು. ಎಣಿಸು."

ಅವಳು ಬೇರೆ ಬೇರೆ ಬಾಯಿಯ ನಲವತ್ತು ಹಾಳೆ ನಕಲು ಮಾಡಿದಳು. ನಲವತ್ತರಲ್ಲಿ ಮೂವತ್ತೇಳರಲ್ಲಿ ಕೈ ಮೊದಲು ಬಂದಿತ್ತು. ಮೂವತ್ತರಲ್ಲಿ ವಾಸನೆ. ಎಲ್ಲದರಲ್ಲೂ ಗದರಿಕೆ. ಅವಳಿಗೆ ಸಂತೋಷವಾಗಲಿಲ್ಲ, ಹೇಸಿಗೆಯಾಯಿತು. ಎಲ್ಲ ಕಡೆಯೂ ಈ ಮೂಗು! ಎಲ್ಲ ಕಡೆಯೂ ಈ ಸಿಡುಕು! ಚಂದ ಬರೆಯಬೇಕೆಂದು ಹೊರಟರೆ ಒಳಗಿಂದ ಎದ್ದು ಬಂದದ್ದು ಊರು ಛೇಡಿಸುತ್ತಿದ್ದ ಅದೇ ಹೆಂಗಸು.

"ಇದೇನಾ ನಾನು? ಥೂ."

"ಆ ಥೂ ಇದೆಯಲ್ಲ," ಎಂದ ಮುದುಕ, "ಅದನ್ನೂ ಬರೀ."

ಹಾಗೆಂದು ಅವಳದೆಲ್ಲವನ್ನೂ ಅವನು ಮೆಚ್ಚಿದವನಲ್ಲ. ನಲವತ್ತು ಹಾಳೆಯಲ್ಲೂ ಅವಳು ಮಾತು ಮಾತಿಗೆ "ಪಾಪ" ಎಂದು ಬರೆದಿದ್ದಳು. ಮುದುಕ ಅದನ್ನು ತೋರಿಸಿ, "ಇದು ನೀನಲ್ಲ, ನಿನ್ನ ಸೋಮಾರಿತನ. ಮರುಕ ಬರೋ ಹಾಗೆ ಬರೆಯೋಕೆ ಆಗದೇ ಇದ್ದಾಗೆಲ್ಲ ಪಾಪ ಅಂತ ಅಂಟಿಸ್ತೀಯ. ಕಳೆ ಕೂಡ ನಮ್ಮ ಹೊಲದಲ್ಲೇ ಬೆಳೆಯೋದು ಅಂತ ಉಳಿಸ್ಕೋತಾರೇನು?" ಎಂದ. ಅವಳು ಒಂದೊಂದನ್ನೂ ಕಿತ್ತಳು. ಕಿತ್ತ ಜಾಗದಲ್ಲಿ, ಯಾರ ಮೇಲೆ ಮರುಕವೋ ಅವರು ಏನು ಮಾಡುತ್ತಿದ್ದರು ಎಂದು ಬರೆಯಬೇಕಾಯಿತು. ಅದು ಕಷ್ಟವಾಗಿತ್ತು, ಒಂದೊಂದಕ್ಕೆ ಒಂದೊಂದು ದಿನ ಹಿಡಿಯಿತು.

ಹೀಗೆ ಹದಿನಾಲ್ಕು ಹುಣ್ಣಿಮೆ ಕಳೆದವು. ಬೆಳಿಗ್ಗೆ ಬಿದಿರು ಸೀಳಿದಳು, ಮಧ್ಯಾಹ್ನ ಹಾಳೆ ಓದಿದಳು, ಸಂಜೆ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು. ನಾಲಿಗೆ ತಾನಾಗಿ ಜಾರಿದ ಕಡೆ ಅನುಮಾನಪಟ್ಟು ನಿಲ್ಲಿಸಿದಳು. ಅಲ್ಲಿ ಬೇರೆ ಯಾರೋ ಮಾತಾಡುತ್ತಿರುತ್ತಿದ್ದರು. ಮೂಗಿಗೆ ಕಟ್ಟಿದ ಸೆರಗನ್ನು ಯಾವಾಗ ಬಿಚ್ಚಿದಳೋ ಅವಳಿಗೇ ನೆನಪಿಲ್ಲ. ನಾತ ಕಡಿಮೆಯಾಗಿರಲಿಲ್ಲ. ಅದರೊಳಗೆ ಯಾವುದು ಯಾರದು ಎಂದು ಬಿಡಿಸಿ ಮೂಸಲು ಬರುತ್ತಿತ್ತು, ಅಷ್ಟೇ.

ಹದಿನೈದನೇ ಹುಣ್ಣಿಮೆಗೆ ಹಾಳೆಯನ್ನು ಮಡಕೆಗೆ ಹಾಕಿದಳು. ಸಾರುವವನು ಅವಳ ಮುಖ ನೋಡಿ, "ಮೂರನೇದು ಕಣವ್ವ, ಯೋಚನೆ ಮಾಡು," ಎಂದ. ಅವಳು ಯೋಚನೆ ಮಾಡಿಯಾಗಿತ್ತು. ಅವ್ವ ತಾವರೆ ಕೈ ಹೊತ್ತುಕೊಂಡು ಪರರ ಶಾಲಿನಲ್ಲಿ ಮಲಗಿರುವಷ್ಟು ದಿನ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಸಾರುವವನು ಓದಿದ, ಅದೇ ಏರಿಳಿತವಿಲ್ಲದ ದನಿಯಲ್ಲಿ:

"ಅವ್ವನ ಕೈಗೆ ಹಸಿ ಬಿದಿರಿನ ನಾತ. ಬೆರಳಿಗೆ ಸಿಬಿರು ಹೊಕ್ಕು ಕೀವಾದರೆ ಹಲ್ಲಿನಿಂದ ಕಚ್ಚಿ ಎಳೆದು ಗೋಡೆಗೆ ಉಗುಳುತ್ತಿದ್ದಳು, ಅದೇ ಕೈಯಲ್ಲಿ ಮುದ್ದೆ ಕಟ್ಟಿ ನನ್ನ ತಟ್ಟೆಗೆ ಹಾಕುತ್ತಿದ್ದಳು, ನಾನು ಮುದ್ದೆಯನ್ನು ತಿರುಗಿಸಿ ಮೂಸಿ ಅವಳ ಬೆರಳು ತಾಕದ ಕಡೆ ಹುಡುಕಿ ಮುರಿಯುತ್ತಿದ್ದೆ. ಅವಳು ನೋಡುತ್ತಿದ್ದಳೇ? ನೋಡುತ್ತಿದ್ದಳು. ಸಾಯುವ ಮುಂಚಿನ ಒಂದು ವಾರ ಅವಳ ಬಾಯಿಗೆ ನಾನೇ ಗಂಜಿ ಹಾಕಿದೆ. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲೆ ಇಳಿಯಿತು. ಒರೆಸುವಾಗ ಮುಖ ಆಚೆ ತಿರುಗಿಸಿದೆ. ಅವಳು ಸೆರಗಿನ ತುದಿಯನ್ನು ಎತ್ತಿ, ನನ್ನ ಬೆರಳಿಗೆ ಅಂಟಿದ್ದನ್ನು ತಾನೇ ಒರೆಸಿದಳು. ಈಗ ಗೋಡೆಯ ಮೇಲೆ ಕೀವಿನ ಕಲೆ ಇದೆ. ಸುಣ್ಣ ಹೊಡೆಸಬೇಡಿ."

"ಇದು ಯಾರ ಬಾಯಿ?"

ಕೆಲವರು ಮುಖ ಕಿವುಚಿದ್ದರು. ಒಬ್ಬ ಪಕ್ಕಕ್ಕೆ ಉಗುಳಿದ.

"ಇದು ಯಾರ ಬಾಯಿ?"

ಬುಟ್ಟಿಯವಳು ಕೊಪ್ಪರಿಗೆಯ ಕಡೆ ನೋಡಿದಳು. ಮುದುಕ ಕೋಲು ಹಿಡಿದು ನಿಂತಿದ್ದ. ಇನ್ನೊಂದು ಸಲ ಕೇಳಿ, ಆಗಲೂ ಹೆಸರು ಬರದಿದ್ದರೆ ಆ ಕೋಲು ಅವಳ ಕೈಗೆ ಬರುತ್ತದೆ, ಅವನು ಮನೆಗೆ ಹೋಗುತ್ತಾನೆ. ಮುದುಕ ಕಣ್ಣು ಮುಚ್ಚಿಕೊಂಡ.

ದೊಡ್ಡವರು ಗಂಟಲು ಸರಿಮಾಡಿಕೊಂಡು ಎದ್ದರು. "ನಮ್ಮದೇ ಇರಬಹುದು," ಎಂದರು ಮೆತ್ತಗೆ. "ತಾಯಿಯ ವಿಷಯ ನಾವು ಹಿಂದೊಮ್ಮೆ ಬರೆದದ್ದುಂಟು."

ಮೀನು ಮಾರುವವಳು ಬುಟ್ಟಿ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. "ನಿಮ್ಮದಾ ಸ್ವಾಮಿ? ನಿಮ್ಮ ಬರಹದಲ್ಲಿ ಯಾರಿಗಾದ್ರೂ ಒಂದು ದಿನ ಕೀವು ಬಂದದ್ದುಂಟಾ? ಮುದ್ದೇನ ತಿರುಗಿಸಿ ಮೂಸಿ ನೋಡೋಳು ಈ ಊರಲ್ಲಿ ಎಷ್ಟು ಜನ ಅವ್ರೆ? ಥೂ, ಹೇಸಿಗೆ! ಬುಟ್ಟಿಯೋಳದೇ ಇದು. ಅವಳಲ್ಲದೆ ಇನ್ಯಾರು ಹಿಂಗೆ ಬರೀತಾರೆ? ಅವಳವ್ವನೂ ಹಂಗೇ ಇದ್ಲು, ನಾ ಕಂಡಿದೀನಿ."

"ಬುಟ್ಟಿಯೋಳದು! ಥೂ, ಬುಟ್ಟಿಯೋಳದೇ!" ಎಂದು ಊರು ಕೂಗಿತು. ಕೂಗಿದವರು ಮೂಗು ಮುಚ್ಚಿಕೊಂಡಿದ್ದರು, ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದರು. ಅವಳು ಹೋಗಿ ಹಾಳೆ ತೆಗೆದುಕೊಂಡಳು. ಅವ್ವನ ಕೈ ಅವಳ ಕೈಗೆ ಬಂತು.

"ಹೋಯ್ತಲ್ಲವ್ವ ನನ್ನ ಬಿಡುಗಡೆ," ಎಂದ ಮುದುಕ, ಕೋಲನ್ನು ಮತ್ತೆ ಕೊಪ್ಪರಿಗೆಗೆ ಇಳಿಸುತ್ತಾ.

"ಮತ್ಯಾಕೆ ಕಲಿಸಿದ್ರಿ ತಾತ?"

"ಇಪ್ಪತ್ತೆರಡು ವರ್ಷ ಕಂಡೋರ ಎಂಜಲು ಕಲಕೀನಿ. ನಿನ್ನ ಎಂಜಲಿಂದ ನಾನು ಮನೆ ಸೇರೋದು ಅಂದ್ರೆ ನನಗೂ ಒಂದು ಹೇಸಿಗೆ ಇರಲ್ವೇನವ್ವ?"

ಕಥೆ ಇಲ್ಲಿಗೇ ಮುಗಿದಿದ್ದರೆ ದೊಡ್ಡವರ ಮಾನ ಉಳಿಯುತ್ತಿತ್ತು. ಊರು ಈಗ ಬುಟ್ಟಿಯವಳ ಹಾಳೆಯನ್ನೇ ಮಾತಾಡುತ್ತಿತ್ತು. ಮುಂದಿನ ಹುಣ್ಣಿಮೆಗೆ ಸಾರುವವನು ಒಂದು ಹಾಳೆ ಓದಿದ. ಅದರ ತುಂಬ ನಾತ, ತುಂಬ ಹುಣ್ಣು, ಉದ್ದ ವಾಕ್ಯ, ನಡುವೆ ಪ್ರಶ್ನೆ, ಗದರಿಕೆ. ಕೇಳುವ ಮೊದಲೇ ಜನ ಕೂಗಿದರು: "ಬುಟ್ಟಿಯೋಳದು!" ಸಾರುವವನು ನಿಯಮದ ಪ್ರಕಾರ ಹಾಳೆಯನ್ನು ಅವಳ ಕಡೆ ಚಾಚಿದ.

ಅವಳು ಕೈಗೆ ತೆಗೆದುಕೊಳ್ಳದೆ ಬಗ್ಗಿ ಮೂಸಿದಳು. ತನ್ನದೇ ಮಾತು, ಇನ್ನೊಬ್ಬರ ಬಾಯಲ್ಲಿ ಅಗಿದು ಬಂದದ್ದು. ಮೂರನೇ ಸಾಲಿನಲ್ಲಿ "ಕೀವು ಮುತ್ತಿನಂತೆ ಹೊಳೆಯಿತು" ಎಂದಿತ್ತು. ಇದು ಯಾರದೆಂದು ಅವಳಿಗೆ ತಿಳಿಯಿತು. ಸುಮ್ಮನೆ ಹಾಳೆ ಇಸಿದುಕೊಂಡರೆ ಸಾಕು, ಅವರು ಎದ್ದು ಬಂದು ನೆಕ್ಕಬೇಕಾಗುತ್ತದೆ. ನೆಕ್ಕಲಿ ಎಂಬ ಆಸೆ ಅವಳಿಗೆ ಇಲ್ಲದಿರಲಿಲ್ಲ. ಆದರೆ ಆ ಹಾಳೆ ತನ್ನ ಮನೆಗೆ ಬರುವ ಹೇಸಿಗೆ ಆ ಆಸೆಗಿಂತ ದೊಡ್ಡದಾಗಿತ್ತು.

"ಇದು ನನ್ನ ಬಾಯಲ್ಲ," ಎಂದಳು.

ಹೀಗೆ ಯಾರೂ ಯಾವತ್ತೂ ಅಂದದ್ದಿರಲಿಲ್ಲ. ಸಾರುವವನು ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತ.

"ನಾನು ಕೀವನ್ನ ಕೀವು ಅಂತೀನಿ. ಅದನ್ನ ಮುತ್ತು ಅನ್ನೋರು ಈ ಊರಲ್ಲಿ ಒಬ್ಬರೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದೊಡ್ಡವರ ಕೈ ತಾನಾಗಿ ಶಾಲಿಗೆ ಹೋಯಿತು. ಊರು ಆ ಸಾಲನ್ನು ಇನ್ನೊಮ್ಮೆ ಓದಿಸಿತು. ಇನ್ನೊಮ್ಮೆ ಕೇಳಿತು. "ಹೌದಲ್ಲ!" ಎಂದಿತು. ನಲವತ್ತು ವರ್ಷದಿಂದ ಅಭ್ಯಾಸವಾಗಿದ್ದ ಬಾಯಿಗಳು, ಈ ಸಲ ಸ್ವಲ್ಪ ತಗ್ಗಿದ ದನಿಯಲ್ಲಿ, "ದೊಡ್ಡೋರದು," ಎಂದವು.

ಅವರು ಬಂದು ಹಾಳೆ ತೆಗೆದುಕೊಂಡರು. ಬರೆದವರನ್ನೇ ಊರು ಗುರುತು ಹಿಡಿದಿತ್ತು, ನೆಕ್ಕಬೇಕಾದ ನಿಯಮವಿರಲಿಲ್ಲ. ಹೋಗಿಬಿಡಬಹುದಿತ್ತು. ಆದರೆ ನಾಲ್ಕು ಹೆಜ್ಜೆ ಹೋದವರು ನಿಂತು, ಚಪ್ಪರದ ಕಡೆ ತಿರುಗಿದರು. ಒಳಗೆ ಬಂದು ಆ ಹಾಳೆಯನ್ನು ಎಡಗೈಯಿಂದ ಕೊಪ್ಪರಿಗೆಗೆ ಹಾಕಿದರು. ಶಾಲಿನೊಳಗಿಂದ ಇನ್ನೊಂದು ಹಳೆಯ, ಮಡಿಸಿದ ಹಾಳೆ ತೆಗೆದು ಬುಟ್ಟಿಯವಳ ಕಡೆ ನೋಡಿದರು. ತಾವರೆ ಕೈಯ ಹಾಳೆ ಅದು. ಅವಳು ಬೇಡವೆಂದು ತಲೆಯಾಡಿಸಿದಳು. ಅದನ್ನೂ ಹಾಕಿದರು. ಆಮೇಲೆ ಬೆರಳು ಅದ್ದಿ, ನಲವತ್ತು ವರ್ಷದಲ್ಲಿ ಮೊದಲ ಸಲ, ನೆಕ್ಕಿದರು.

ಕಂಬ ಹಿಡಿದುಕೊಂಡರು. "ಇಷ್ಟು ಕೆಟ್ಟದಾಗಿರುತ್ತದೆಯೇ?" ಎಂದರು.

"ಮೊದಲನೇ ಸಲ ಹಂಗೇ ಸ್ವಾಮಿ," ಎಂದು ಮುದುಕ ನೀರಿನ ಚೆಂಬು ಚಾಚಿದ. "ನಾಳೆ ಬೆಳಿಗ್ಗೆ ಬನ್ನಿ. ಯಾವುದು ಯಾರದು ಅಂತ ನಿಧಾನಕ್ಕೆ ಗೊತ್ತಾಗುತ್ತೆ."

ದೊಡ್ಡವರು ಚೆಂಬು ತೆಗೆದುಕೊಂಡು, ಕುಡಿಯುವ ಮೊದಲು, ಮೂಸಿ ನೋಡಿದರು.